ಜೂನ್ ತಿಂಗಳ ನಂಬರು, ಆಗಸ್ಟ್ ತಿಂಗಳ ಸೀರೆ

ಹೊಸಕೋಟೆ ಕಡೆ ಭಾನುವಾರ ಬೆಳಗಿನ ಜಾವ ಬಿರಿಯಾನಿಗೆ ನಿಲ್ಲುವ ಸಾಲು ನೋಡಿದ್ದೀರಲ್ಲ? ಇನ್ನೂ ಕತ್ತಲು ಕತ್ತಲು ಇರುವಾಗಲೇ ಬೆಂಗಳೂರಿನಿಂದ ಕಾರು ಹಾಕಿಕೊಂಡು ಬಂದವರು, ಕೈಯಲ್ಲಿ ತಟ್ಟೆಗಿಂತ ಮೊದಲು ಫೋನು. ಗಲ್ಲಾದ ಮುಂದೆ ಫೋನು ಎತ್ತಿ ತೋರಿಸುತ್ತಾರೆ, ಹಸಿರು ಬಣ್ಣ ಕಾಣಿಸುತ್ತದೆ, ಗಲ್ಲಾದವರು ತಲೆ ಆಡಿಸುತ್ತಾರೆ, ಮುಂದಿನವರು ಬನ್ನಿ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಅಷ್ಟರಲ್ಲಿ ಯಾರು ಏನು ಓದಿಯಾರು, ಅಲ್ವಾ?

ಹಣ ಬಂತೆಂದು ಕೂಗಿ ಹೇಳುವ ಸ್ಪೀಕರ್ ಬಾಕ್ಸು ಇದ್ದ ಕಡೆ ಚಿಂತೆ ಕಡಿಮೆ. ಅದು ಅಂಗಡಿಯವರ ಖಾತೆಯ ಕಡೆಯಿಂದ ಮಾತಾಡುತ್ತದೆ, ಗಿರಾಕಿಯ ಫೋನಿನಿಂದಲ್ಲ. ಬಾಕ್ಸು ಇಲ್ಲದ ಕಡೆಯೇ ಫೋಟೋ ನಂಬುವ ಕಷ್ಟ. ನಮ್ಮ ಕಡೆ ಈ ಕಷ್ಟ ಹೆಚ್ಚಿದ್ದು 2025ರ ಜುಲೈ ಆದ ಮೇಲೆ ಅಂತ ನನಗನ್ನಿಸುತ್ತದೆ. ನೆನಪಿದೆಯಲ್ಲ, ಯುಪಿಐ ಲೆಕ್ಕ ಹಿಡಿದು ಎಷ್ಟೋ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸು ಬಂತು. ಬೇಕರಿ, ಹೂವಿನ ಅಂಗಡಿ, ತರಕಾರಿ ಗಾಡಿ, ಎಲ್ಲರೂ ಗಾಬರಿ. ರಾತ್ರೋರಾತ್ರಿ ಎಷ್ಟೋ ಕಡೆ ಕ್ಯೂಆರ್ ಬೋರ್ಡು ಕಿತ್ತು ‘ಕ್ಯಾಶ್ ಮಾತ್ರ’ ಅಂತ ರಟ್ಟು ತೂಗುಹಾಕಿಬಿಟ್ಟರು. ಆದರೆ ಈಗಿನ ಗಿರಾಕಿ ಹತ್ತಿರ ಚಿಲ್ಲರೆ ಎಲ್ಲಿ? ಬೋರ್ಡು ಹೋದ ಮೇಲೆ ‘ಈ ನಂಬರಿಗೆ ಹಾಕ್ಬಿಡಿ, ಫೋಟೋ ಕಳಿಸಿ’ ಶುರುವಾಯಿತು. ನಂಬರು ಮನೆಯವರದ್ದು, ಫೋನು ಮನೆಯಲ್ಲಿ, ಅಂಗಡಿಯಲ್ಲಿ ಕೂತವರಿಗೆ ಸಿಗುವುದು ಗಿರಾಕಿ ತೋರಿಸಿದ ಚಿತ್ರ ಒಂದೇ.

ಸೀರೆಯವರ ವ್ಯಾಪಾರದಲ್ಲಂತೂ ಇದು ಮೊದಲಿಂದಲೂ ಹೀಗೇ. ದೊಡ್ಡಬಳ್ಳಾಪುರದಲ್ಲಿ ಯಾವ ಬೀದಿಗೆ ಹೋದರೂ ಮಗ್ಗದ ಸದ್ದು ತಾನೇ. ಈಗ ಎಷ್ಟೋ ಮನೆಯವರು ಸೇಟುಗಳ ಕೈ ಕಾಯದೆ ನೇರ ವಾಟ್ಸಾಪಿನಲ್ಲೇ ಸೀರೆ ಮಾರುತ್ತಾರೆ. ಬೆಳಿಗ್ಗೆ ಸೀರೆ ಹರವಿ ಫೋಟೋ ಹಾಕುವುದು, ‘ಇದು ಇದೆಯಾ ಅಕ್ಕಾ’ ಅಂತ ಕೇಳಿದವರಿಗೆ ಬೆಲೆ ಹೇಳುವುದು, ದುಡ್ಡು ಬಂದರೆ ಕಟ್ಟಿ ಕಳಿಸುವುದು. ಸೀರೆಯೂ ಫೋಟೋ, ದುಡ್ಡೂ ಫೋಟೋ ಆಗಿಹೋಯಿತು ನೋಡಿ.

ನಮ್ಮ ಬೀದಿಯ ಮಗ್ಗದ ಮನೆಯ ಅಕ್ಕನಿಗೆ ಹಾಗೇ ಒಂದು ಆರ್ಡರು ಬಂದಿತ್ತು. ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿ ಆಗತಾನೇ ಮುಗಿದಿತ್ತು. ಎಂಟುನೂರರ ಆರು ಸೀರೆ, ಒಟ್ಟು 4,800. 2025ರ ಆಗಸ್ಟ್ 14, ಬೆಳಿಗ್ಗೆ 11.50ಕ್ಕೆ ವಾಟ್ಸಾಪಿನಲ್ಲಿ ಪಾವತಿಯ ಚಿತ್ರ ಬಂತು. ಹಿಂದೆಯೇ ಮಾತು: ‘ಅಕ್ಕಾ, ಹುಡುಗ ಯಲಹಂಕದಿಂದ ಬೈಕಲ್ಲಿ ಹೊರಟಿದ್ದಾನೆ, ಕಟ್ಟಿಡಿ, ಅವನಿಗೆ ಅರ್ಜೆಂಟು.’ ಅಕ್ಕ ಪ್ಯಾಕೆಟ್ಟು ಕಟ್ಟಿಟ್ಟರು, ಕೊಡಲಿಲ್ಲ. ಫೋನು ಹಿಡಿದು ಕಾಂಪೌಂಡಿನ ಹತ್ತಿರ ಬಂದು, ‘ಇದೇನೋ ಒಂಥರಾ ಇದೆಯಲ್ಲ, ನೋಡಿ’ ಅಂದರು. ಆ ‘ಒಂಥರಾ’ ಅನ್ನುವುದನ್ನು ಬಿಡಿಸಿ ನೋಡಲು ಕೂತರೆ ಬಹಳ ಸೊಗಸು.

ಮೊದಲು ಕಣ್ಣಿಗೆ ಬಿದ್ದದ್ದು ಬಲಗಡೆಯ ಅಂಚು. ಈ ರಸೀದಿಯಲ್ಲಿ ಮೊತ್ತ ಎರಡು ಕಡೆ ಇರುತ್ತದೆ. ಮೇಲೆ ಯಾರಿಗೆ ಕೊಟ್ಟದ್ದೋ ಅವರ ಹೆಸರಿನ ಎದುರಿಗೆ ಒಂದು, ಕೆಳಗೆ Debited from ಅಂತಿರುವ ಕಡೆ, ಖಾತೆಯ ಕೊನೆಯ ಅಂಕಿಗಳ ಎದುರಿಗೆ ಇನ್ನೊಂದು. ಎರಡನ್ನೂ ಆ್ಯಪು ಬಲ ಅಂಚಿಗೆ ಒತ್ತಿ ಕೂರಿಸುತ್ತದೆ. ಮೊತ್ತ ಉದ್ದವಾದರೆ ಎಡಕ್ಕೆ ಬೆಳೆಯಬೇಕು, ಬಲಕ್ಕೆ ಜರುಗುವಂತಿಲ್ಲ. ಅಂದರೆ 480 ಇದ್ದರೂ 4,800 ಇದ್ದರೂ ಕೊನೆಯ ಸೊನ್ನೆ ನಿಲ್ಲುವುದು ಒಂದೇ ಗೆರೆಯಲ್ಲಿ. ತಿದ್ದುವವನು ಏನು ಮಾಡುತ್ತಾನೆ? ಹಳೆಯದನ್ನು ಅಳಿಸಿ, ರೂಪಾಯಿ ಗುರುತು ಎಲ್ಲಿತ್ತೋ ಅಲ್ಲಿಂದಲೇ ಎಡದಿಂದ ಬಲಕ್ಕೆ ಬರೆಯುತ್ತಾ ಹೋಗುತ್ತಾನೆ. ಹೊಸ ಮೊತ್ತ ಉದ್ದ, ಹಳೆಯದು ಗಿಡ್ಡ, ಕೊನೆಯ ಸೊನ್ನೆ ಅಂಚು ದಾಟುತ್ತದೆ. ಅಕ್ಕನ ಫೋನಿನ ಮೇಲೆ ಒಂದು ಬಿಳಿ ಕಾಗದದ ನೇರ ಅಂಚು ಇಟ್ಟು ನೋಡಿದೆವು. ಮೇಲಿನ 4,800 ಸರಿಯಾಗಿ ನಿಂತಿತ್ತು, ಪಾಪ ಅದಕ್ಕೆ ಶ್ರಮ ಹಾಕಿದ್ದಾನೆ. ಕೆಳಗಿನದ್ದು ಹೊರಗೆ ಚಾಚಿಕೊಂಡಿತ್ತು. ಮೇಲಿನದ್ದನ್ನೇ ಎಲ್ಲರೂ ನೋಡುತ್ತಾರೆ, ಕೆಳಗಿನದ್ದನ್ನು ಯಾರು ನೋಡುತ್ತಾರೆ ಅಂದುಕೊಂಡಿರಬೇಕು.

ಆಮೇಲೆ ಅಕ್ಷರದ ವಿಚಾರ. ನೇಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಲೇ ಇಲ್ಲ. ಒಂದು ಎಳೆ ಬೇರೆ ಲಾಟಿನದ್ದಾದರೆ ಬಣ್ಣ ಒಂದೇ ಇದ್ದರೂ ಸೀರೆಯಲ್ಲಿ ಗೊತ್ತಾಗಿಬಿಡುವ ಹಾಗೆ, ಬೇರೆ ಫಾಂಟಿನಲ್ಲಿ ಬರೆದ ಅಂಕಿ ಪಕ್ಕದ ಅಂಕಿಗಳ ಜೊತೆ ಕೂಡುವುದಿಲ್ಲ. ಅಕ್ಕ ಬೆರಳಿನಿಂದ ಚಿತ್ರ ಹಿಗ್ಗಿಸಿ, ‘ಈ ಕಾಮಾ ನಾಲ್ಕಕ್ಕೆ ಅಂಟಿಕೊಂಡಿದೆ, ಕೆಳಗಡೆ ಕಾಮಾ ದೂರ ನಿಂತಿದೆ’ ಅಂದರು. ಅಷ್ಟೇ ಸಾಕು. ಎರಡೂ ಕಡೆ ಬರೆಯುವುದು ಒಂದೇ ಆ್ಯಪು. ದಪ್ಪ, ತೆಳು, ಗಾತ್ರ ಬೇರೆಯಾಗಬಹುದು, ಆದರೆ ಗುರುತಿಗೂ ಅಂಕಿಗೂ ನಡುವಿನ ಜಾಗ, ಕಾಮಾದ ಎರಡೂ ಬದಿಯ ಜಾಗ ಅದೇ ಅಳತೆಯಲ್ಲಿ ಇರಬೇಕು. ಅದರಲ್ಲೂ ರೂಪಾಯಿ ಗುರುತು ನೋಡಿ. ನಮ್ಮ ₹ ಬಂದದ್ದೇ 2010ರ ಜುಲೈನಲ್ಲಿ, ಉದಯಕುಮಾರ್ ಅವರು ಬರೆದ ವಿನ್ಯಾಸ. ಅದಕ್ಕೂ ಹಳೆಯ ಫಾಂಟುಗಳಲ್ಲಿ ಅದು ಇಲ್ಲವೇ ಇಲ್ಲ. ಅಂಥ ಫಾಂಟಿನಲ್ಲಿ ₹ ಒತ್ತಿದರೆ ಫೋನು ಇನ್ನೆಲ್ಲಿಂದಲೋ ಒಂದು ಗುರುತು ತಂದು ಕೂರಿಸುತ್ತದೆ. ಆಗ ಅಂಕಿಗಿಂತ ಗುರುತು ತೆಳ್ಳಗೆ, ಇಲ್ಲವೇ ಒಂದು ಕೂದಲೆಳೆ ಮೇಲಕ್ಕೆ. ತಿದ್ದಿದ ಚಿತ್ರದಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಇನ್ನೊಂದು ಸಣ್ಣ ವಿಚಿತ್ರ ಹೇಳ್ತೀನಿ ಕೇಳಿ. ವಾಟ್ಸಾಪು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದಲ್ಲ, ಆಗ ಅಕ್ಷರಗಳ ಸುತ್ತ ಬೂದು ಧೂಳು ಕೂತ ಹಾಗಾಗುತ್ತದೆ. ಹಳೆಯ ರಸೀದಿ ಒಬ್ಬರಿಂದ ಒಬ್ಬರಿಗೆ ಹೋಗಿ ಬಂದಿದ್ದರೆ ಅದರ ಅಕ್ಷರಗಳಿಗೆ ಎರಡು ಮೂರು ಸಲ ಧೂಳು ಕೂತಿರುತ್ತದೆ. ಮೇಲೆ ಹೊಸದಾಗಿ ಬರೆದ ಅಂಕಿಗೆ ಒಂದೇ ಸಲ. ಹಿಗ್ಗಿಸಿ ನೋಡಿದರೆ ಸುತ್ತೆಲ್ಲ ಮಬ್ಬು, ಮೊತ್ತ ಮಾತ್ರ ತೊಳೆದಿಟ್ಟ ಹಾಗೆ. ಅಕ್ಕನಿಗೆ ಬಂದದ್ದರಲ್ಲಿ ಕೆಳಗಿನ ಮೊತ್ತದ ಹಿಂದಿನ ಬಿಳಿಯೂ ಬೇರೆ ಬಿಳಿ. ಫೋನಿನ ಬೆಳಕು ಪೂರ್ತಿ ಏರಿಸಿ ಓರೆಯಾಗಿ ಹಿಡಿದಾಗ ಅಲ್ಲೊಂದು ಚೌಕ ಕಂಡಿತು.

ಹಾಗಂತ ಫಾಂಟು ಒಂದನ್ನೇ ನೋಡಿ ಯಾರನ್ನೂ ಕಳ್ಳ ಅನ್ನಬಾರದು, ಅದು ನನಗೆ ಗಟ್ಟಿ. ವಯಸ್ಸಾದವರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಹುಡುಗರು ಅಲಂಕಾರದ ಫಾಂಟು ಹಾಕಿಕೊಂಡಿರುತ್ತಾರೆ. ರಸೀದಿಯ ಸಾಲುಗಳು ಮುರಿದು ಎಲ್ಲೆಲ್ಲೋ ಕೂರುತ್ತವೆ. ಆದರೆ ಅಂಥ ಫೋನಿನಲ್ಲಿ ಬದಲಾಗುವುದು ಪುಟದ ಎಲ್ಲ ಅಕ್ಷರವೂ. ತಿದ್ದಿದ ಚಿತ್ರದಲ್ಲಿ ಒಂದೆರಡು ಸಾಲು ಮಾತ್ರ ಬೇರೆ. ವ್ಯತ್ಯಾಸ ಅಲ್ಲಿದೆ.

ಈಗ ತಲೆಯ ಮೇಲಿನ ಪಟ್ಟಿ, ಅದೇ ಗಂಟೆ, ಸಿಗ್ನಲು, ಬ್ಯಾಟರಿ ಇರುವ ಜಾಗ. ಹಣ ಕಳಿಸಿದ್ದು 14ರಂದು ಬೆಳಿಗ್ಗೆ 11.42ಕ್ಕೆ ಅಂತ ರಸೀದಿ ಹೇಳುತ್ತಿತ್ತು. ಚಿತ್ರ ಅಕ್ಕನ ಫೋನಿಗೆ ಬಂದದ್ದು 11.50ಕ್ಕೆ. ಹಾಗಾದರೆ ಆ ಫೋಟೋ ತೆಗೆದದ್ದು ಈ ಎಂಟು ನಿಮಿಷದ ಒಳಗೇ ಆಗಿರಬೇಕು, ಬೇರೆ ದಾರಿ ಇಲ್ಲ. ಪಟ್ಟಿಯಲ್ಲಿದ್ದ ಗಡಿಯಾರ ಮಾತ್ರ 7:09 ತೋರಿಸುತ್ತಿತ್ತು. ‘ಬೆಳಿಗ್ಗೆ ಏಳು ಗಂಟೆಗೇ ತೆಗೆದಿರಬಹುದೇನೋ’ ಅಂದರು ಅಕ್ಕ. ಏಳಕ್ಕೆ ತೆಗೆದ ಫೋಟೋದಲ್ಲಿ ಹನ್ನೊಂದೂಮುಕ್ಕಾಲರ ವ್ಯವಹಾರ ಹೇಗೆ ಬಂತು ಅಂದೆ. ಇಬ್ಬರಿಗೂ ನಗು ತಡೆಯಲಿಲ್ಲ.

ಗಡಿಯಾರ ಬೇರೆಯಾಗಲು ನ್ಯಾಯವಾದ ಕಾರಣವೂ ಇರುತ್ತದೆ, ಬಿಡಿ. ದುಬೈನಲ್ಲಿರುವವರ ಫೋನು ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಂದ ಮಗ ತೆಗೆದು ಕಳಿಸಿದ್ದರೆ ಪಟ್ಟಿಯಲ್ಲಿ ಹತ್ತೂಕಾಲರ ಆಸುಪಾಸು ಇರುತ್ತಿತ್ತು. ಏಳು ಗಂಟೆ ಇರುತ್ತಿರಲಿಲ್ಲ. ನಿನ್ನೆಯ ರಸೀದಿಯನ್ನು ಇವತ್ತು ತೆರೆದು ಫೋಟೋ ತೆಗೆದರೂ ಗಡಿಯಾರ ಬೇರೆಯೇ. ಅದಕ್ಕೇ ಪಟ್ಟಿಯ ಗಡಿಯಾರವನ್ನು ರಸೀದಿಯ ಸಮಯದ ಜೊತೆ ಮಾತ್ರ ಹೋಲಿಸಿದರೆ ಸಾಲದು, ಚಿತ್ರ ನಮ್ಮ ಕೈಗೆ ಬಂದ ಸಮಯವನ್ನೂ ಸೇರಿಸಿ ಮೂರನ್ನೂ ಒಂದು ಸಾಲಿನಲ್ಲಿ ಇಡಬೇಕು. ಮತ್ತೆ ಪಟ್ಟಿಯನ್ನೇ ಕತ್ತರಿಸಿ ಕಳಿಸುವವರೂ ಇದ್ದಾರೆ. ಒಳ್ಳೆಯವರೂ ಅಂದಕ್ಕೆ ಕತ್ತರಿಸುತ್ತಾರೆ, ಅದರಿಂದ ಏನೂ ತೀರ್ಮಾನ ಆಗದು. ಬ್ಯಾಟರಿ ಮಾತ್ರ ಮಜಾ. ಬೇರೆ ಬೇರೆ ದಿನ ಬಂದ ಎರಡು ಚಿತ್ರಗಳಲ್ಲಿ ಬ್ಯಾಟರಿ, ಸಿಗ್ನಲು, ಗಡಿಯಾರ ಎಲ್ಲವೂ ಒಂದೇ ಇದ್ದರೆ, ಅದು ಯಾರೋ ಮಾಡಿಟ್ಟ ಅಚ್ಚು. ಒಂದೇ ಅಚ್ಚಿನಲ್ಲಿ ಹೆಸರು, ಮೊತ್ತ ಬದಲಾಯಿಸಿ ಊರೂರಿಗೆ ಕಳಿಸುತ್ತಾರೆ. ಅದಕ್ಕೇ ಅನುಮಾನದ ಚಿತ್ರ ಅಳಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಪಕ್ಕದಂಗಡಿಯವರ ಫೋನಿನಲ್ಲಿ ಅದರ ಅವಳಿ ಸಿಕ್ಕರೂ ಸಿಕ್ಕೀತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಂಬರಿನ ವಿಚಾರ. ಸ್ವಲ್ಪ ಕೂತು ಕೇಳಿ.

ಯುಪಿಐ ವ್ಯವಹಾರಕ್ಕೆ ಹನ್ನೆರಡು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಕೆಲವು ಆ್ಯಪಿನಲ್ಲಿ UTR ಅಂತ, ಕೆಲವದರಲ್ಲಿ UPI transaction ID ಅಂತ ಬರೆದಿರುತ್ತಾರೆ. ಆ ಹನ್ನೆರಡರಲ್ಲಿ ಮೊದಲ ನಾಲ್ಕು ಅಂಕಿ ಸಾಮಾನ್ಯವಾಗಿ ದಿನಾಂಕ. ಮೊದಲನೆಯದು ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದಲ್ಲಿ ಅದು ಎಷ್ಟನೇ ದಿನ ಅನ್ನುವುದು. ಜನವರಿ 1 ಅಂದರೆ 001, 2025ರ ಡಿಸೆಂಬರ್ 31 ಅಂದರೆ 365. ಇದು ಬ್ಯಾಂಕಿನ ಯಂತ್ರಗಳ ಹಳೆಯ ಅಭ್ಯಾಸ, ಯುಪಿಐ 2016ರಲ್ಲಿ ಬರುವುದಕ್ಕೂ ಮೊದಲು ಕಾರ್ಡಿನ ವ್ಯವಹಾರಗಳಲ್ಲೇ ನಡೆದುಕೊಂಡು ಬಂದದ್ದು. ಎಷ್ಟನೇ ದಿನ ಅಂತ ಲೆಕ್ಕ ಹಾಕಲು ತಲೆ ಕೆಡಿಸಿಕೊಳ್ಳಬೇಕಿಲ್ಲ, ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ತಿಂಗಳ ದಿನಗಳನ್ನು ಕೂಡಿದರೆ ಆಯಿತು. ವರ್ಷಕ್ಕೊಂದು ಬರುವ ಡೈರಿ ಇದ್ದರೆ ಅದೂ ಬೇಡ. ಪ್ರತಿ ಪುಟದ ಮೂಲೆಯಲ್ಲಿ ‘226-139’ ಅಂತ ಸಣ್ಣಕ್ಕೆ ಅಚ್ಚಾಗಿರುತ್ತದೆ, ಕಳೆದ ದಿನ ಇಷ್ಟು, ಉಳಿದದ್ದು ಇಷ್ಟು ಅಂತ. ನಮ್ಮ ಅಪ್ಪನ ಕಾಲದಿಂದ ಮನೆಗೆ ಡೈರಿ ಬರುತ್ತಿತ್ತು, ಆ ಎರಡು ಅಂಕಿ ಯಾಕೆ ಹಾಕುತ್ತಾರೆ ಅಂತ ಯಾರೂ ಕೇಳಿದವರಲ್ಲ. ಅಮ್ಮ ಆ ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು, ಅಷ್ಟೇ. ಈಗ ನೋಡಿ ಹೇಗೆ ಬಳಕೆಗೆ ಬಂತು.

ಆಗಸ್ಟ್ 14 ಅಂದರೆ 2025ರ 226ನೇ ದಿನ. ಹಾಗಾಗಿ ಅಕ್ಕನಿಗೆ ಬಂದ ಸಂಖ್ಯೆ 5226 ಅಂತ ಶುರುವಾಗಬೇಕಿತ್ತು. ಶುರುವಾಗಿದ್ದು 5171 ಅಂತ. 171ನೇ ದಿನ ಯಾವುದು? ಮೇ ಮುಗಿಯುವ ಹೊತ್ತಿಗೆ 151 ದಿನ, ಅದರ ಮೇಲೆ ಇಪ್ಪತ್ತು. ಜೂನ್ 20.

ಇದೊಂದೇ ಆಗಿದ್ದರೆ ‘ಕೆಲವು ಸಲ ಈ ಕ್ರಮ ತಪ್ಪುತ್ತದೆ’ ಅಂತ ಬಿಡಬಹುದಿತ್ತು, ಯಾಕೆಂದರೆ ಸಂಖ್ಯೆ ಹುಟ್ಟಿಸುವವರು ಎಲ್ಲರೂ ಒಂದೇ ಕ್ರಮ ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಆದರೆ ಅದು ಫೋನ್‌ಪೇ ರಸೀದಿಯ ಚಿತ್ರ. ಅದರಲ್ಲಿ Transaction ID ಅಂತ ಇನ್ನೊಂದು ಉದ್ದನೆಯ ಸಂಖ್ಯೆ ಇರುತ್ತದೆ, T ಅಕ್ಷರದಿಂದ ಶುರು. T ಆದ ಮೇಲೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ಎರಡೆರಡು ಅಂಕಿ. ಅದರ ಮುಂದಿನದ್ದು ನಮಗೆ ಬೇಡ. ಅಕ್ಕನ ಚಿತ್ರದಲ್ಲಿ ಹೀಗಿತ್ತು:

```
T250620190814...
```

ಬಿಡಿಸಿ ಓದಿ. 25ನೇ ಇಸವಿ, 06ನೇ ತಿಂಗಳು, 20ನೇ ತಾರೀಕು, 19 ಗಂಟೆ 08 ನಿಮಿಷ 14 ಸೆಕೆಂಡು. ಜೂನ್ 20ರ ಸಂಜೆ ಏಳು ಗಂಟೆ ಎಂಟು ನಿಮಿಷ. ತಲೆಯ ಮೇಲಿನ ಪಟ್ಟಿಯ ಗಡಿಯಾರ 7:09. ಕೂಡಿಬಂತಲ್ಲ! ಆ ದಿನ ಸಂಜೆ ಯಾರೋ ಯಾರಿಗೋ ನಿಜವಾಗಿ ಹಣ ಕಳಿಸಿ, ಎರಡು ನಿಮಿಷದೊಳಗೆ ಫೋಟೋ ತೆಗೆದಿದ್ದಾರೆ. ಆ ಫೋಟೋ ಇವನ ಕೈಗೆ ಸಿಕ್ಕಿದೆ. ಹೆಸರು ತಿದ್ದಿದ, ಮೊತ್ತ ತಿದ್ದಿದ, ತಾರೀಕು ಸಮಯ ತಿದ್ದಿದ. ಅಂಚು ಎಷ್ಟು ಚಾಚಿಕೊಂಡಿದೆ ಅಂತ ನೋಡಿದರೆ ಮೂಲ ಮೊತ್ತ ಮೂರಂಕಿಯದ್ದು. ನಂಬರುಗಳಿಗೆ ಮಾತ್ರ ಕೈ ಹಾಕಲಿಲ್ಲ, ಅವನ ಕಣ್ಣಿಗೆ ಅದು ಅರ್ಥವಿಲ್ಲದ ಅಂಕಿಗಳ ಸಾಲು. ಎರಡು ನಂಬರು, ಒಂದು ಗಡಿಯಾರ, ಮೂರೂ ಒಂದೇ ದಿನದ ಒಂದೇ ಸಂಜೆಯನ್ನು ಹೇಳುತ್ತಿವೆ. ನನಗಂತೂ ಖುಷಿಯಾಯಿತು ಕಣ್ರೀ.

ಅಷ್ಟರಲ್ಲಿ ಬೈಕಿನ ಹುಡುಗ ಬಂದ. ಬಾಡಿಗೆಗೆ ಪಾರ್ಸೆಲ್ ಒಯ್ಯುವ ಹುಡುಗ, ಅವನಿಗೆ ಪಾಪ ಏನೂ ಗೊತ್ತಿಲ್ಲ. ಅಕ್ಕ ಅವನಿಗೆ ಕಾಫಿ ಕೊಟ್ಟು, ‘ದುಡ್ಡು ಬಂದಿಲ್ಲಪ್ಪ, ಬಂದ ಮೇಲೆ ಕೊಡ್ತೀನಿ’ ಅಂತ ಆ ಕಡೆಯವನಿಗೆ ಅವನ ಫೋನಿನಿಂದಲೇ ಹೇಳಿಸಿದರು. ಆ ಕಡೆ ಲೈನು ಕಟ್ಟು. ಆಮೇಲೆ ಆ ನಂಬರು ಎತ್ತಲೇ ಇಲ್ಲ. ಅಕ್ಕ ಚಿತ್ರ, ನಂಬರು, ಮಾತುಕತೆ ಎಲ್ಲ ಹಾಗೇ ಇಟ್ಟುಕೊಂಡು ಸೈಬರ್ ದೂರಿನ cybercrime.gov.in ತಾಣದಲ್ಲಿ ಬರೆದರು. ಸೀರೆಯೇನೂ ಹೋಗಿರಲಿಲ್ಲ, ಆದರೂ ಬರೆದರು. ಹೋಗಿದ್ದರೆ 1930ಕ್ಕೆ ತಕ್ಷಣ ಫೋನು ಮಾಡಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಇದು ಕೈಯಿಂದ ತಿದ್ದಿದ ಚಿತ್ರವಾಗಿದ್ದಕ್ಕೆ ಸಿಕ್ಕಿಬಿತ್ತು. ಈಗ ಸುಳ್ಳು ರಸೀದಿ ತಯಾರಿಸುವ ಆ್ಯಪುಗಳೇ ಓಡಾಡುತ್ತಿವೆ. ಹೆಸರು, ಮೊತ್ತ ಹಾಕಿದರೆ ಅಸಲಿ ಆ್ಯಪಿನ ಹಾಗೇ ಟಿಕ್ ಗುರುತು ತಿರುಗಿ, ಸದ್ದು ಮಾಡಿ, ರಸೀದಿ ತೋರಿಸುತ್ತವೆ. ಅಲ್ಲಿ ಅಂಚೂ ಸರಿ, ಫಾಂಟೂ ಸರಿ, ಗಡಿಯಾರವಂತೂ ನಿಮ್ಮ ಕಣ್ಣೆದುರಿಗೇ ಓಡುತ್ತಿರುತ್ತದೆ. ನಂಬರನ್ನೂ ಆವತ್ತಿನ ದಿನಕ್ಕೆ ಹೊಂದಿಸಿಕೊಡುವವರು ಇರಬಹುದು. ಹಾಗಾಗಿ ಚಿತ್ರದಲ್ಲಿ ಹೀಗೆ ಒಂದಕ್ಕೊಂದು ಕೂಡುವ ತಪ್ಪುಗಳು ಸಿಕ್ಕರೆ ಸುಳ್ಳು ಅಂತ ಧೈರ್ಯವಾಗಿ ಅನ್ನಬಹುದು, ತಪ್ಪು ಸಿಗದಿದ್ದರೆ ನಿಜ ಅನ್ನುವ ಹಾಗಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನೆಸಿಕೊಳ್ಳಿ, ಒಂದು ಜೊತೆ ಎತ್ತಿನ ಬೆಲೆ ಲಕ್ಷ ದಾಟುತ್ತದೆ. ಅಲ್ಲಿ ಫೋನಿನ ಹಸಿರು ನೋಡಿ ಹಗ್ಗ ಬಿಚ್ಚಿಕೊಟ್ಟರೆ ಆಮೇಲೆ ಎತ್ತನ್ನು ಎಲ್ಲಿ ಹುಡುಕೋದು, ಹೇಳಿ?

ಆ ಹನ್ನೆರಡು ಅಂಕಿಯ ದೊಡ್ಡ ಗುಣ ಅಂದರೆ, ಕೊಟ್ಟವರ ಖಾತೆಯಲ್ಲೂ ಪಡೆದವರ ಖಾತೆಯಲ್ಲೂ ಅದೇ ಸಂಖ್ಯೆ ಬರುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಎಷ್ಟೋ ಬ್ಯಾಂಕುಗಳಲ್ಲಿ UPI/CR/ ಅಂತ ಬಂದು ಅದರ ಮುಂದೆ ಇದೇ ಅಂಕಿಗಳು ಇರುತ್ತವೆ. ಗಿರಾಕಿಯ ಚಿತ್ರದಲ್ಲಿರುವ ಸಂಖ್ಯೆ ನಮ್ಮ ಖಾತೆಯ ಲೆಕ್ಕದಲ್ಲಿ ಇದ್ದರೆ ದುಡ್ಡು ಬಂದಿದೆ, ಇಲ್ಲದಿದ್ದರೆ ಬಂದಿಲ್ಲ. ಮೆಸೇಜು ನಂಬುವಾಗಲೂ ಹುಷಾರು. ಹತ್ತಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ ‘ನಿಮ್ಮ ಖಾತೆಗೆ ಜಮೆ’ ಅಂತ ಬಂದರೆ ಅದು ಬ್ಯಾಂಕಿನದ್ದಲ್ಲ. ಬ್ಯಾಂಕಿನ ಮೆಸೇಜಿಗೆ ಅಕ್ಷರಗಳ ಹೆಸರಿರುತ್ತದೆ.

ಇದರ ತದ್ವಿರುದ್ಧವೂ ಆಗುತ್ತದೆ, ಅದು ಇನ್ನೂ ಸೂಕ್ಷ್ಮ. ಅದೇ ಅಕ್ಕನಿಗೆ ನೆಲಮಂಗಲದ ಒಬ್ಬ ಹೆಣ್ಣುಮಗಳು ಎರಡು ಸೀರೆಗೆ ದುಡ್ಡು ಹಾಕಿ ಚಿತ್ರ ಕಳಿಸಿದ್ದರು. ಖಾತೆಗೆ ಬಂದಿರಲಿಲ್ಲ. ಈ ಸಲ ಅಂಚು ನೇರ, ಅಂಕಿಗಳು ಒಂದೇ ತೆರನಾದವು, ನಂಬರಿನ ದಿನ ಆವತ್ತಿನದ್ದೇ, T ಆದ ಮೇಲಿನ ಗಂಟೆ ನಿಮಿಷವೂ ರಸೀದಿಯ ಗಂಟೆ ನಿಮಿಷವೂ ಒಂದೇ. ‘ಈಯಮ್ಮ ನಿಜ ಹೇಳ್ತಿದ್ದಾರೆ, ದುಡ್ಡು ನಡುವೆ ಎಲ್ಲೋ ಸಿಕ್ಕಿಹಾಕ್ಕೊಂಡಿದೆ’ ಅಂತ ಅಕ್ಕನೇ ಅಂದರು. ಅವರಿಗೆ ಒರಟಾಗಿ ಮಾತಾಡಲಿಲ್ಲ, ಸೀರೆಯನ್ನೂ ಬೇರೆಯವರಿಗೆ ಮಾರಲಿಲ್ಲ, ತೆಗೆದಿಟ್ಟರು. ಹೀಗೆ ಕಳಿಸಿದವರ ಖಾತೆಯಿಂದ ಹೋಗಿ ಪಡೆದವರ ಖಾತೆಗೆ ಸೇರದ ಹಣಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸು ಹೋಗಬೇಕು, ವ್ಯಾಪಾರಿಯ ಕ್ಯೂಆರ್‌ಗೆ ಹಾಕಿದ್ದಾದರೆ ಐದು ದಿನ. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಕಳಿಸಿದವರಿಗೆ ಬ್ಯಾಂಕೇ ಕಟ್ಟಿಕೊಡಬೇಕು. ನೆಲಮಂಗಲದವರ ದುಡ್ಡು ಮಾರನೆಯ ದಿನ ಅವರ ಖಾತೆಗೇ ಮರಳಿತು. ಅವರು ಮತ್ತೆ ಹಾಕಿದರು, ಈ ಸಲ ಅಕ್ಕನ ಖಾತೆಯಲ್ಲಿ ಹನ್ನೆರಡೂ ಅಂಕಿ ಕಾಣಿಸಿದ ಮೇಲೆ ಸೀರೆ ಹೋಯಿತು. ಈಗ ಅವರು ದೊಡ್ಡ ಗಿರಾಕಿ, ಮೊನ್ನೆ ತಂಗಿ ಮದುವೆಗೆ ಸೀರೆ ಹೇಳಿದ್ದಾರಂತೆ. ಚಿತ್ರ ಕೂಡ ಕಳಿಸುವುದಿಲ್ಲ, ಆ ಹನ್ನೆರಡು ಅಂಕಿಯನ್ನಷ್ಟೇ ಬರೆದು ಕಳಿಸುತ್ತಾರೆ, ಅಕ್ಕ ತಮ್ಮ ಖಾತೆ ತೆರೆದು ಹೊಂದಿಸಿಕೊಳ್ಳುತ್ತಾರೆ.